ಪರಿಚಯಕ್ಕೊಂದು ಹಾಳೆ, ವಂದನೆಗೊಂದು ಹಾಳೆ

ಆಹ್ವಾನ ಪತ್ರಿಕೆಯಲ್ಲಿ ಒಂದೇ ಹೆಸರು ಎರಡು ಕಡೆ ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ಮೇಲೆ ‘ಸ್ವಾಗತ ಮತ್ತು ಅತಿಥಿ ಪರಿಚಯ’ ಎಂಬಲ್ಲಿ ಒಮ್ಮೆ, ಕೆಳಗೆ ‘ವಂದನಾರ್ಪಣೆ’ ಎಂಬಲ್ಲಿ ಇನ್ನೊಮ್ಮೆ. ತಾಲ್ಲೂಕು ಕೇಂದ್ರಗಳ ದತ್ತಿ ಉಪನ್ಯಾಸ, ಕಾಲೇಜಿನ ಕನ್ನಡ ಸಂಘದ ಉದ್ಘಾಟನೆ, ಬಡಾವಣೆಯ ರಾಜ್ಯೋತ್ಸವ, ಹೀಗೆ ಸಣ್ಣ ಸಭೆಗಳಲ್ಲೆಲ್ಲ ಇದು ಸಾಮಾನ್ಯ. ಜನ ಕಡಿಮೆ ಇರುತ್ತಾರೆ, ಮೈಕಿನ ಮುಂದೆ ನಿಂತು ಮಾತಾಡುವ ಧೈರ್ಯ ಇರುವವರು ಇನ್ನೂ ಕಡಿಮೆ. ಉಪನ್ಯಾಸಕರಿಗೆ ಫೋನು ಮಾಡಿ ಒಪ್ಪಿಸಿದವರೇ ಅವರನ್ನು ಸಭೆಗೆ ಪರಿಚಯಿಸುತ್ತಾರೆ, ಕೊನೆಗೆ ಅವರೇ ವಂದಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅತಿಥಿಯನ್ನು ಚೆನ್ನಾಗಿ ಬಲ್ಲವರ ಕೈಯಲ್ಲೇ ಎರಡೂ ಕೆಲಸ ಇರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ.

ತೊಂದರೆ ಶುರುವಾಗುವುದು ಕೊನೆಯ ಐದು ನಿಮಿಷದಲ್ಲಿ. ಬೆಳಿಗ್ಗೆ ಕೇಳಿದ ಮಾತುಗಳೇ ಮತ್ತೆ ಕೇಳಿಸುತ್ತವೆ. ‘ಬಿಡುವಿಲ್ಲದ ಕೆಲಸಗಳ ನಡುವೆಯೂ ನಮ್ಮ ಕರೆಗೆ ಓಗೊಟ್ಟು’ ಎಂಬುದು ಪರಿಚಯದಲ್ಲೂ ಬಂದಿತ್ತು, ವಂದನೆಯಲ್ಲೂ ಬರುತ್ತದೆ. ‘ನಾಡಿನ ಹೆಮ್ಮೆಯ ಸಂಶೋಧಕರು, ಹಲವು ಕೃತಿಗಳ ಕರ್ತೃ’ ಎಂಬುದೂ ಅಷ್ಟೆ. ಮುಕ್ಕಾಲು ಗಂಟೆ ಒಬ್ಬರು ಬಾಯಿ ಒಣಗಿಸಿಕೊಂಡು ಮಾತಾಡಿ ಕೂತಿದ್ದಾರೆ. ಅವರು ಏನು ಹೇಳಿದರು ಎಂಬುದರ ಒಂದು ಗುರುತೂ ಆ ವಂದನೆಯಲ್ಲಿ ಇಲ್ಲ. ಅವರು ಬಾರದೇ ಹೋಗಿದ್ದರೂ ಅದೇ ವಂದನೆಯನ್ನು ಓದಬಹುದಿತ್ತು. ಅತಿಥಿಗೆ ಇದಕ್ಕಿಂತ ದೊಡ್ಡ ಅಗೌರವ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ಹಾರ ಸಣ್ಣದಾದರೆ ಯಾರೂ ಬೇಸರಪಡುವುದಿಲ್ಲ. ತನ್ನ ಮಾತನ್ನು ಕರೆದವರೇ ಕೇಳಲಿಲ್ಲ ಎಂದು ಗೊತ್ತಾದರೆ ಬೇಸರವಾಗುತ್ತದೆ.

ಎರಡು ಕೆಲಸಗಳ ಹುರುಳು ಬೇರೆ ಬೇರೆ. ಪರಿಚಯಕ್ಕೆ ಬೇಕಾದದ್ದೆಲ್ಲ ಸಭೆಗೆ ಮೊದಲೇ ಸಿಗುತ್ತದೆ: ಅತಿಥಿ ಯಾರು, ಈ ವಿಷಯಕ್ಕೂ ಅವರಿಗೂ ಏನು ನಂಟು, ಇಂದು ಇಲ್ಲಿ ಅವರ ಮಾತನ್ನು ನಾವು ಏಕೆ ಕೇಳಬೇಕು. ವಂದನೆಗೆ ಬೇಕಾದದ್ದು ಹುಟ್ಟುವುದೇ ಸಭೆಯಲ್ಲಿ: ಅವರು ಏನು ಹೇಳಿದರು, ಯಾರು ಏನು ಮಾಡಿದರು, ಯಾರಿಂದ ಈ ಹೊತ್ತು ನಡೆಯಿತು. ಇಷ್ಟು ಸ್ಪಷ್ಟವಾಗಿ ಬೇರೆಯಾಗಿರುವ ಎರಡು ಮಾತುಗಳು ಒಬ್ಬರ ಬಾಯಲ್ಲಿ ಏಕೆ ಒಂದಾಗಿಬಿಡುತ್ತವೆ? ಭಾಷೆಯ ಬಡತನದಿಂದಲ್ಲ. ಎರಡನ್ನೂ ಹಿಂದಿನ ರಾತ್ರಿ ಒಂದೇ ಕೂತಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದೇ ಪರಿಚಯ ಪತ್ರವನ್ನು ಮುಂದಿಟ್ಟುಕೊಂಡು ಬರೆದಿರುತ್ತಾರೆ. ಉಪನ್ಯಾಸ ನಡೆಯುವಾಗ ಅವರು ಸಭೆಯಲ್ಲಿ ಕೂತೇ ಇರುವುದಿಲ್ಲ. ಚಹಾ ಬಂತೇ, ನೆನಪಿನ ಕಾಣಿಕೆಯ ಕಾಗದ ಬಿಚ್ಚಿಟ್ಟಾಯಿತೇ, ಪತ್ರಿಕೆಯವರಿಗೆ ಫೋಟೋ ಹೋಯಿತೇ ಎಂದು ಹಿಂಬಾಗಿಲಲ್ಲಿ ಓಡಾಡುತ್ತಿರುತ್ತಾರೆ. ಕೊನೆಗೆ ನಿರೂಪಕರು ಹೆಸರು ಕೂಗಿದಾಗ ಓಡಿ ಬಂದು ಮೈಕು ಹಿಡಿಯುತ್ತಾರೆ. ಆಗ ಕೈಯಲ್ಲಿರುವುದು ನಿನ್ನೆಯ ಹಾಳೆ, ತಲೆಯಲ್ಲಿರುವುದು ಬೆಳಿಗ್ಗೆಯ ಪರಿಚಯ. ಅದೇ ಹೊರಗೆ ಬರುತ್ತದೆ.

ಹಾಗಾಗಿ ಇವೆರಡನ್ನು ಬೇರೆಯಾಗಿ ಇಡುವ ಉಪಾಯವನ್ನು ಮಾತಿನ ಚಮತ್ಕಾರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಪರಿಚಯವನ್ನು ಮನೆಯಲ್ಲಿ ಬರೆದು ಮುಗಿಸಬೇಕು. ವಂದನೆಯನ್ನು ಸಭೆಯಲ್ಲಿ ಕೂತು, ಕೇಳುತ್ತ ಬರೆಯಬೇಕು. ಉಳಿದದ್ದೆಲ್ಲ ಇದನ್ನು ಸಾಧ್ಯ ಮಾಡಿಕೊಳ್ಳುವ ಬಗೆ.

ಒಂದು ಸಭೆಯನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಭಾಂಗಣ, ಶನಿವಾರ ಬೆಳಿಗ್ಗೆ. ದತ್ತಿ ಉಪನ್ಯಾಸ. ದತ್ತಿಯ ಕ್ರಮ ಹಲವರಿಗೆ ಗೊತ್ತಿದೆ: ಯಾರೋ ತಮ್ಮ ತಂದೆಯ ಅಥವಾ ತಾಯಿಯ ನೆನಪಿಗೆ ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಯಲ್ಲಿ ಒಂದಿಷ್ಟು ಹಣ ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷವರ್ಷವೂ ಒಂದು ಉಪನ್ಯಾಸ ನಡೆಯುತ್ತದೆ. ಈ ಸಲದ ವಿಷಯ ‘ಕೆರೆಗಳು ಮತ್ತು ಶಾಸನಗಳು’. ಮಾತಾಡುವವರು ನಿವೃತ್ತ ಇತಿಹಾಸ ಶಿಕ್ಷಕಿ. ಅದೇ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದವರು, ರಜೆ ಸಿಕ್ಕಾಗಲೆಲ್ಲ ಕೆರೆ ಏರಿಗಳ ಮೇಲೆ ಅಲೆದು ಶಾಸನಗಳನ್ನು ನೋಡಿದವರು. ಅವರನ್ನು ಕರೆಸಿದ ಕನ್ನಡ ಅಧ್ಯಾಪಕರಿಗೆ ಪರಿಚಯ, ವಂದನೆ ಎರಡೂ ಜವಾಬ್ದಾರಿ. ಅಧ್ಯಕ್ಷತೆ ಪ್ರಾಂಶುಪಾಲರದು. ದತ್ತಿ ದಾನಿಯ ಮಗ ಬರುತ್ತಾರೆ.

ಶಿಕ್ಷಕಿ ಕಳಿಸಿದ ಪರಿಚಯ ಪತ್ರ ಮೂರು ಪುಟ ಇದೆ ಎಂದಿಟ್ಟುಕೊಳ್ಳಿ. ಹುಟ್ಟಿದ ಊರು, ಓದಿದ ಶಾಲೆಗಳು, ಪದವಿಗಳು, ವರ್ಗಾವಣೆಯಾದ ಊರುಗಳ ಪಟ್ಟಿ, ಬರೆದ ಲೇಖನಗಳು, ಒಂದು ಪುಸ್ತಕ, ನಾಲ್ಕಾರು ಸನ್ಮಾನ. ಇದನ್ನು ಹಾಗೆಯೇ ಓದಿದರೆ ಏಳೆಂಟು ನಿಮಿಷ ಆಗುತ್ತದೆ, ಯಾರಿಗೂ ಏನೂ ಉಳಿಯುವುದಿಲ್ಲ. ಇಲ್ಲಿ ಎಷ್ಟೋ ಜನ ಒಂದು ತಪ್ಪು ಹಂಚಿಕೆ ಮಾಡುತ್ತಾರೆ. ಮೂರು ಪುಟದಲ್ಲಿ ಅರ್ಧವನ್ನು ಪರಿಚಯಕ್ಕೆ ತೆಗೆದುಕೊಂಡು, ಉಳಿದರ್ಧವನ್ನು ‘ವಂದನೆಗೆ ಆಗುತ್ತದೆ’ ಎಂದು ಎತ್ತಿಡುತ್ತಾರೆ. ಎರಡು ಮಾತುಗಳೂ ಬೆರೆಯುವುದು ಇಲ್ಲಿಂದಲೇ. ಪರಿಚಯ ಪತ್ರದಿಂದ ವಂದನೆಗೆ ಒಂದು ಸಾಲನ್ನೂ ತೆಗೆದಿಡಬಾರದು. ಪರಿಚಯಕ್ಕೆ ಬೇಡವಾದದ್ದು ಸಭೆಗೇ ಬೇಡ.

ಪರಿಚಯಕ್ಕೆ ಏನನ್ನು ಆರಿಸಬೇಕು? ಇಂದಿನ ವಿಷಯದ ಬಾಗಿಲು ತೆರೆಯುವುದನ್ನು ಮಾತ್ರ. ನಮ್ಮ ಶಿಕ್ಷಕಿಯ ವಿಷಯದಲ್ಲಿ ಅದು ಪದವಿಯೂ ಅಲ್ಲ, ಸನ್ಮಾನವೂ ಅಲ್ಲ. ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ 1886ರಿಂದ ಹೊರಬರತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಅಚ್ಚಾಗಿವೆ. ಆ ಸಂಪುಟ ಹಿಡಿದು, ತನ್ನ ತಾಲ್ಲೂಕಿನ ಒಂದೊಂದು ಶಾಸನವೂ ಈಗ ಎಲ್ಲಿದೆ ಎಂದು ಹುಡುಕಿಕೊಂಡು ಹೋದವರು ಇವರು ಎಂದರೆ ಸಾಕು. ಹಿಂದಿನ ಬೆಂಚಿನ ಹುಡುಗನಿಗೂ ಇವರ ಮಾತು ಕೇಳಬೇಕೆನಿಸುತ್ತದೆ. ಆ ಪರಿಚಯ ಹೆಚ್ಚುಕಡಿಮೆ ಹೀಗಿರಬಹುದು:

‘ನಮ್ಮ ತಾಲ್ಲೂಕಿನ ಶಾಸನಗಳನ್ನು ನೂರು ವರ್ಷಕ್ಕೂ ಹಿಂದೆ ಬಿ.ಎಲ್. ರೈಸ್ ಅವರು ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆ ಕಲ್ಲುಗಳು ಈಗಲೂ ಇವೆಯೇ, ಇದ್ದರೆ ಎಲ್ಲಿವೆ ಎಂದು ಕೇಳಿಕೊಂಡು ಹೊರಟವರು ಇಂದಿನ ಉಪನ್ಯಾಸಕರು. ಈ ತಾಲ್ಲೂಕಿನ ಶಾಲೆಗಳಲ್ಲೇ ಇತಿಹಾಸ ಕಲಿಸಿದರು. ಇಲ್ಲಿ ಕೂತಿರುವ ಹಲವರ ತಂದೆತಾಯಿ ಅವರ ವಿದ್ಯಾರ್ಥಿಗಳು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಕಲಿತು, ಕೆರೆಯ ತೂಬು, ಕೋಡಿಗಳ ಬಳಿ ಇರುವ ಶಾಸನಗಳನ್ನು ಓದಿದ್ದಾರೆ. ಅವರ ಪುಸ್ತಕ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದೆ. ಕೆರೆ ಕಟ್ಟಿಸಿದವರು ಅದನ್ನು ಕಲ್ಲಿನಲ್ಲಿ ಬರೆಸಿದ್ದು ಏಕೆ ಎಂಬುದನ್ನು ಈಗ ಅವರಿಂದಲೇ ಕೇಳೋಣ.’

ನಿಧಾನವಾಗಿ ಓದಿದರೂ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ವಾಗತವೂ ಸೇರಿ ಎರಡು ನಿಮಿಷ ದಾಟಬೇಕಾಗಿಲ್ಲ. ಇದರಲ್ಲಿ ಏನು ಇಲ್ಲ ಎಂಬುದನ್ನೂ ಗಮನಿಸಿ. ಧನ್ಯವಾದ ಇಲ್ಲ. ‘ದೂರದಿಂದ ಬಂದಿದ್ದಾರೆ, ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಟಿದ್ದಾರೆ’ ಎಂಬುದು ಇಲ್ಲ. ಅದು ಉಪಕಾರದ ಮಾತು, ಅದರ ಜಾಗ ಕೊನೆಯಲ್ಲಿ. ‘ಇಂದು ಅವರು ಅದ್ಭುತವಾಗಿ ಮಾತಾಡಲಿದ್ದಾರೆ’ ಎಂಬುದೂ ಇಲ್ಲ. ಆಡದ ಮಾತಿಗೆ ಮೊದಲೇ ಬೆಲೆ ಕಟ್ಟಿದರೆ, ಕೊನೆಯಲ್ಲಿ ನಿಜವಾಗಿ ಮೆಚ್ಚಬೇಕಾದಾಗ ಆ ಪದ ಸವೆದಿರುತ್ತದೆ. ಮುಖ್ಯವಾಗಿ, ಕೆರೆ ಶಾಸನಗಳಲ್ಲಿ ಏನಿದೆ ಎಂಬುದನ್ನು ಇಲ್ಲಿ ಹೇಳಿಲ್ಲ. ವಿಷಯ ಬಲ್ಲ ಪರಿಚಯಕಾರರಿಗೆ ಇದು ದೊಡ್ಡ ಆಸೆ. ಬಿತ್ತುವಟ್ಟ ಎಂದರೆ ಕೆರೆಯ ದುರಸ್ತಿಗೆಂದು ಇಟ್ಟ ಆದಾಯ, ದಸವಂದ ಎಂದರೆ ಕೆರೆ ಕಟ್ಟಿಸಿದವನಿಗೆ ಸಲ್ಲುವ ಪಾಲು ಎಂದು ತಾವೇ ವಿವರಿಸಿಬಿಡುತ್ತಾರೆ. ಉಪನ್ಯಾಸಕರು ಐದನೆಯ ನಿಮಿಷದಲ್ಲಿ ಆ ಪದಗಳಿಗೆ ಬಂದಾಗ ಸಭೆಗೆ ಅವು ಹಳತಾಗಿರುತ್ತವೆ. ಪರಿಚಯಕಾರರು ಪ್ರಶ್ನೆಯನ್ನು ಸಭೆಯ ಮುಂದಿಟ್ಟು ಹಿಂದೆ ಸರಿಯಬೇಕು, ಉತ್ತರ ಉಪನ್ಯಾಸಕರದು.

ಇನ್ನೊಂದು ಸಣ್ಣ ಸಂಗತಿ. ಪರಿಚಯದಲ್ಲಿ ಮುಖ ಸಭೆಯ ಕಡೆಗೆ, ಅತಿಥಿ ‘ಅವರು’. ವಂದನೆಯಲ್ಲಿ ಉಪನ್ಯಾಸಕರ ಕಡೆ ತಿರುಗಿ ‘ತಾವು’ ಎನ್ನಬೇಕು. ಮೈಕಿನ ಕೋಲು ಬಿಟ್ಟು ಅಲುಗಾಡಲಾಗದ ಸಭಾಂಗಣದಲ್ಲೂ ಕತ್ತು ತಿರುಗಿಸಲು ಅಡ್ಡಿಯಿಲ್ಲ. ಇದರಿಂದ ಕೇಳುವವರಿಗಿಂತ ಆಡುವವರಿಗೇ ಹೆಚ್ಚು ಉಪಕಾರ. ‘ತಾವು’ ಎಂದು ಶುರು ಮಾಡಿದ ವಾಕ್ಯದಲ್ಲಿ ‘ನಾಡಿನ ಹೆಮ್ಮೆಯ ಸಂಶೋಧಕರು, ಇಂಥ ಊರಿನಲ್ಲಿ ಹುಟ್ಟಿದವರು’ ಎಂದು ಮುಂದುವರಿಸಲು ನಾಲಿಗೆ ಹೊರಳುವುದಿಲ್ಲ. ಅವರ ಹುಟ್ಟೂರನ್ನು ಅವರಿಗೇ ಹೇಳಲಾಗದು. ಅವರು ಮಾಡಿದ್ದನ್ನು, ಹೇಳಿದ್ದನ್ನು ಮಾತ್ರ ಹೇಳಲು ಬರುತ್ತದೆ. ‘ಗೌರವಾನ್ವಿತ ಉಪನ್ಯಾಸಕರಿಗೆ ಸಂಘದ ಪರವಾಗಿ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸಲಾಗುತ್ತದೆ’ ಎಂಬ ಕಚೇರಿ ಕನ್ನಡಕ್ಕೂ ಆಗ ಜಾಗ ಇರುವುದಿಲ್ಲ.

ಪರಿಚಯ ಮುಗಿಸಿ ಬಂದು ಕೂತ ಗಳಿಗೆಯಿಂದ ವಂದನೆಯ ಕೆಲಸ ಶುರು. ಎಲ್ಲಿ ಕೂರುತ್ತಾರೆ ಎಂಬುದು ಇಲ್ಲಿ ಬಹಳ ಮುಖ್ಯ. ವೇದಿಕೆಯ ಮೇಲೆ ಕುರ್ಚಿ ಕೊಟ್ಟರೆ ಎಲ್ಲರ ಕಣ್ಣೆದುರು ಬರೆದುಕೊಳ್ಳಲು ಸಂಕೋಚವಾಗುತ್ತದೆ. ಹಿಂಬಾಗಿಲ ಬಳಿ ಕೂತರೆ ಯಾರಾದರೂ ಕರೆಯುತ್ತಲೇ ಇರುತ್ತಾರೆ. ಎರಡನೆಯ ಸಾಲಿನ ಅಂಚು ಒಳ್ಳೆಯ ಜಾಗ: ಮಾತು ಸ್ಪಷ್ಟವಾಗಿ ಕೇಳುತ್ತದೆ, ಸಭೆಯ ಮುಖಗಳು ಒಂದಿಷ್ಟು ಕಾಣುತ್ತವೆ, ವೇದಿಕೆಗೆ ಹೋಗಲು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಚಹಾ, ಶಾಲು, ಹಣ್ಣಿನ ಬುಟ್ಟಿ, ಫೋಟೋ ಇವನ್ನೆಲ್ಲ ಆ ಒಂದು ಗಂಟೆ ಇನ್ನೊಬ್ಬರಿಗೆ ವಹಿಸಬೇಕು. ಪರಿಚಯಕ್ಕೂ ವಂದನೆಗೂ ಒಬ್ಬರೇ ಇರಬಹುದು. ಪರಿಚಯಕ್ಕೂ ವಂದನೆಗೂ ಚಹಾಕ್ಕೂ ಒಬ್ಬರೇ ಇದ್ದರೆ ವಂದನೆ ಸತ್ತಂತೆಯೇ.

ಕೈಯಲ್ಲಿ ಒಂದು ಹಾಳೆ ಇರಲಿ, ಪರಿಚಯದ ಹಾಳೆಯ ಬೆನ್ನು ಬೇಡ. ಇದನ್ನು ಹಟ ಹಿಡಿದೇ ಹೇಳುತ್ತಿದ್ದೇನೆ. ಅದೇ ಹಾಳೆಯ ಹಿಂಬದಿಯಲ್ಲಿ ಬರೆದರೆ, ಮೈಕಿನ ಮುಂದೆ ತಡವರಿಸಿದಾಗ ಕೈ ತಾನಾಗಿ ಅದನ್ನು ಮಗುಚುತ್ತದೆ, ಕಣ್ಣಿಗೆ ಪರಿಚಯದ ಸಾಲು ಬೀಳುತ್ತದೆ, ಬಾಯಿ ಅದನ್ನೇ ಓದುತ್ತದೆ. ಪರಿಚಯದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಬಿಡಬೇಕು. ವಂದನೆಯ ಹಾಳೆಯಲ್ಲಿ ಮನೆಯಿಂದಲೇ ಬರೆದು ತರಬಹುದಾದದ್ದು ಹೆಸರುಗಳು ಮಾತ್ರ, ಅದೂ ಎಡಗಡೆ ಒಂದರ ಕೆಳಗೊಂದು: ಉಪನ್ಯಾಸಕರು, ಅಧ್ಯಕ್ಷರು, ದತ್ತಿ ದಾನಿಯ ಮನೆಯವರು, ಪ್ರಾರ್ಥನೆ ಹಾಡಿದವರು, ಮೈಕಿನವರು, ಸಭಾಂಗಣ ಗುಡಿಸಿ ಕುರ್ಚಿ ಹಾಕಿದವರು. ಬಲಗಡೆ ಖಾಲಿ. ಒಂದೊಂದು ಹೆಸರಿನ ಎದುರಿಗೆ ಆ ದಿನ ಕಂಡದ್ದು, ಕೇಳಿದ್ದು ನಾಲ್ಕು ಪದಗಳಲ್ಲಿ ಸೇರಬೇಕು. ಕೊನೆಗೂ ಬಲಗಡೆ ಖಾಲಿ ಉಳಿದ ಹೆಸರಿಗೆ ಬರಿಯ ಹೆಸರು ಹೇಳಿ ವಂದಿಸಿದರೆ ಆಯಿತು, ವಿಶೇಷಣ ಹುಡುಕಿ ಅಂಟಿಸಬೇಕಾಗಿಲ್ಲ. ಪ್ರಾರ್ಥನೆಗೆ ಬರಬೇಕಾಗಿದ್ದ ವಿದ್ಯಾರ್ಥಿನಿಗೆ ಜ್ವರ ಬಂದು ಇನ್ನೊಬ್ಬಳು ಹಾಡಿದ್ದರೆ ಆಗಲೇ ತಿದ್ದಿಕೊಳ್ಳಬೇಕು. ಬಾರದವರಿಗೆ ಮೈಕಿನಲ್ಲಿ ವಂದನೆ ಸಲ್ಲುವುದು, ಹಾಡಿದವರು ಎದುರಿಗೇ ಕೂತು ಅದನ್ನು ಕೇಳುವುದು ನಮ್ಮ ಸಭೆಗಳಲ್ಲಿ ಅಪರೂಪವಲ್ಲ.

ಉಪನ್ಯಾಸಕರ ಹೆಸರಿನ ಎದುರಿನ ಜಾಗ ಎಲ್ಲಕ್ಕಿಂತ ದೊಡ್ಡದಿರಲಿ. ಅಲ್ಲಿ ಸಾರಾಂಶ ಬರೆಯಲು ಹೋಗಬಾರದು. ಬೇಕಾದದ್ದು ಅವರದೇ ಮಾತಿನ ಎರಡು ಮೂರು ತುಣುಕು, ಸಾಧ್ಯವಾದಷ್ಟು ಅವರು ಆಡಿದ ಹಾಗೆಯೇ. ಏಕೆ ಎರಡು ಮೂರು ಎಂಬುದಕ್ಕೆ ಕಾರಣವಿದೆ. ನಮ್ಮ ಶಿಕ್ಷಕಿ ಪೋರುಮಾಮಿಳ್ಳ ಶಾಸನದ ಮಾತು ತಂದರು ಎನ್ನೋಣ. ಇಂದಿನ ಆಂಧ್ರದ ಕಡಪ ಜಿಲ್ಲೆಯಲ್ಲಿರುವ, 1369ರ ಆ ಸಂಸ್ಕೃತ ಶಾಸನವನ್ನು ಹಾಕಿಸಿದವನು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ. ಕೆರೆ ಕಟ್ಟಲು ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಅದರಲ್ಲಿದೆ. ಅಧ್ಯಾಪಕರು ತಮ್ಮ ಹಾಳೆಯಲ್ಲಿ ‘ಸಾವಿರ ಆಳು, ಎರಡು ವರ್ಷ’ ಎಂದು ಬರೆದುಕೊಂಡರು. ಕೆಳಗೆ ‘ದೋಷ: ನೀರು ಕಡಿಮೆ ನೆಲ ಹೆಚ್ಚು, ನೀರು ಹೆಚ್ಚು ನೆಲ ಕಡಿಮೆ’ ಎಂದೂ ಬರೆದುಕೊಂಡರು. ಏರಿಯಿಂದ ನೀರು ಜಿನುಗುವುದು, ಉಪ್ಪು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು, ಕೆರೆಯ ನಡುವೆ ದಿಬ್ಬ ಇರುವುದು, ಇವು ಉಳಿದ ದೋಷಗಳು, ಇವನ್ನೆಲ್ಲ ಬರೆದುಕೊಳ್ಳಬೇಕಾಗಿಲ್ಲ. ಆಮೇಲೆ ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು, ತಮ್ಮೂರ ಕೆರೆಯ ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಏನು ಮಾಡಲಿ ಎಂದು ಕೇಳಿದಳು. ಶಿಕ್ಷಕಿ, ‘ಮೊದಲು ಅದರ ಫೋಟೋ ತೆಗಿ, ಆಮೇಲೆ ಒಗೆಯುವವರಿಗೆ ಅದರಲ್ಲಿ ಏನಿದೆ ಅಂತ ಓದಿ ಹೇಳು’ ಎಂದರು. ಇದನ್ನೂ ಬರೆದುಕೊಂಡರು.

ಈಗ ಅಧ್ಯಕ್ಷೀಯ ನುಡಿ. ಪ್ರಾಂಶುಪಾಲರು ಎದ್ದು ‘ಸಾವಿರ ಜನ ಎರಡು ವರ್ಷ ದುಡಿದ ಲೆಕ್ಕ ನೋಡಿ’ ಎಂದು ಅದನ್ನೇ ಹಿಡಿದು ಹತ್ತು ನಿಮಿಷ ಮಾತಾಡಿದರು. ಅಧ್ಯಾಪಕರು ಆ ಸಾಲನ್ನು ಹೊಡೆದು ಹಾಕಬೇಕು. ವಂದಿಸುವವರು ಬೇರೆಯವರು ಆಗಲೇ ಎತ್ತಿಕೊಂಡದ್ದನ್ನು ಮತ್ತೆ ಎತ್ತಬಾರದು. ಕೇಳುವವರಿಗೆ ಅದು ಮೂರನೆಯ ಸಲ. ಒಂದೇ ತುಣುಕು ಬರೆದುಕೊಂಡಿದ್ದರೆ ಈ ಹೊತ್ತಿಗೆ ಕೈ ಖಾಲಿಯಾಗುತ್ತಿತ್ತು, ಮತ್ತೆ ಪರಿಚಯದ ಸಾಲೇ ಗತಿಯಾಗುತ್ತಿತ್ತು. ಅಧ್ಯಕ್ಷರ ಮಾತಿನಿಂದಲೂ ಒಂದು ಸಂಗತಿ ಬೇಕು. ಕಾಲೇಜಿನಿಂದ ವಿದ್ಯಾರ್ಥಿಗಳನ್ನು ಕೆರೆ ನೋಡಲು ಕರೆದುಕೊಂಡು ಹೋಗುವ ಮಾತನ್ನು ಅವರು ಆಡಿದ್ದರೆ ಅದನ್ನು ಗುರುತು ಮಾಡಿಕೊಂಡರೆ ಸಾಕು.

ವಂದನೆ ಹೀಗೆ ಬರಬಹುದು:

‘ಮೇಡಂ, ಕೆರೆಗೆ ನೀರು ಕಡಿಮೆಯಾಗುವುದೂ ದೋಷ, ನೆಲಕ್ಕೆ ಮೀರಿ ನೀರು ಹೆಚ್ಚಾಗುವುದೂ ದೋಷ ಎಂದು ಆರುನೂರೈವತ್ತು ವರ್ಷದ ಹಿಂದಿನ ಕಲ್ಲು ಹೇಳುತ್ತದೆ ಎಂದಿರಿ. ನಮ್ಮೂರ ಕೆರೆಯ ಅಚ್ಚುಕಟ್ಟಿನ ಜಗಳ ಬಲ್ಲವರು ಇಲ್ಲಿ ಬಹಳ ಜನ ಇದ್ದಾರೆ. ಆ ಮಾತಿಗೆ ಅವರು ತಲೆದೂಗಿದ್ದನ್ನು ನಾನು ಕಂಡೆ. ಬಟ್ಟೆ ಒಗೆಯುವ ಕಲ್ಲಿನ ಬಗ್ಗೆ ಕೇಳಿದ ನಮ್ಮ ವಿದ್ಯಾರ್ಥಿನಿಗೆ ಮೊದಲು ಫೋಟೋ ತೆಗಿ, ಆಮೇಲೆ ಓದಿ ಹೇಳು ಎಂದಿರಿ. ಅದು ಅವಳೊಬ್ಬಳಿಗೆ ಹೇಳಿದ್ದಲ್ಲ ಎಂದುಕೊಂಡಿದ್ದೇವೆ. ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಟು ಬಂದಿರಿ. ತಮಗೆ ನಮ್ಮ ವಂದನೆಗಳು.

‘ವಿದ್ಯಾರ್ಥಿಗಳನ್ನು ಕೆರೆ ಏರಿಗೆ ಕರೆದೊಯ್ಯೋಣ ಎಂದ ಅಧ್ಯಕ್ಷರಿಗೆ ವಂದನೆಗಳು. ತಂದೆಯವರ ಹೆಸರಿನಲ್ಲಿ ದತ್ತಿ ಇಟ್ಟು, ಇಂದು ತಾವೇ ಬಂದು ಕೊನೆಯವರೆಗೂ ಕೂತು ಕೇಳಿದ ದಾನಿಗಳ ಕುಟುಂಬಕ್ಕೆ ವಂದನೆಗಳು. ಕರೆಂಟು ಹೋದಾಗ ಎರಡೇ ನಿಮಿಷದಲ್ಲಿ ಮೈಕು ಸರಿಮಾಡಿದವರಿಗೆ, ಜ್ವರ ಬಂದ ಗೆಳತಿಯ ಬದಲು ನಿಂತು ಪ್ರಾರ್ಥನೆ ಹಾಡಿದ ವಿದ್ಯಾರ್ಥಿನಿಗೆ, ಏಳು ಗಂಟೆಗೇ ಬಂದು ಈ ಕುರ್ಚಿಗಳನ್ನು ಹಾಕಿದವರಿಗೆ ವಂದನೆಗಳು. ಪ್ರಶ್ನೆ ಕೇಳಿದವರಿಗೆ, ಕೇಳಬೇಕೆಂದು ಹೊತ್ತಾಗಿ ಸುಮ್ಮನಾದವರಿಗೆ, ಎಲ್ಲರಿಗೂ ವಂದನೆಗಳು.’

ನಿಜವಾದ ಸಭೆಯಲ್ಲಿ ಇವರಲ್ಲಿ ಪ್ರತಿಯೊಬ್ಬರ ಹೆಸರೂ ಬರುತ್ತದೆ, ಬರಲೇಬೇಕು. ಕುರ್ಚಿ ಹಾಕಿದವರ ಹೆಸರು ಗೊತ್ತಿಲ್ಲದಿದ್ದರೆ ಉಪನ್ಯಾಸಕ್ಕೆ ಮೊದಲೇ ಕೇಳಿ ಬರೆದುಕೊಳ್ಳಬೇಕು. ‘ಪ್ರತ್ಯಕ್ಷವಾಗಿ ಮತ್ತು ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಸಾಲು ಇಂಥವರ ಹೆಸರನ್ನು ನುಂಗುವುದಕ್ಕೇ ಬಳಕೆಯಾಗುತ್ತಿದೆ. ಮೇಲಿನ ವಂದನೆಯಲ್ಲಿ ರೈಸ್ ಇಲ್ಲ, ಪಡಿಯಚ್ಚು ಇಲ್ಲ, ಶಿಕ್ಷಕಿಯ ಪುಸ್ತಕ ಇಲ್ಲ. ಅವೆಲ್ಲ ಪರಿಚಯದೊಂದಿಗೇ ಚೀಲ ಸೇರಿದವು. ಪರಿಚಯದಲ್ಲಿ ಬಿಟ್ಟಿದ್ದ ಬಸ್ಸು ಇಲ್ಲಿ ಬಂತು. ಬೆಳಿಗ್ಗೆ ಅದೇ ಮಾತು ಕೇಳಿದ್ದರೆ ಸಭೆಗೆ ಅದು ಬರಿ ಸುದ್ದಿ. ಅವರ ಉಪನ್ಯಾಸ ಕೇಳಿದ ಮೇಲೆ, ಇಷ್ಟು ಹೇಳುವುದಕ್ಕೆ ಇವರು ಅಷ್ಟು ಹೊತ್ತಿಗೆ ಎದ್ದು ಬಂದರಲ್ಲ ಎಂಬ ಭಾವ ಹುಟ್ಟುತ್ತದೆ.

ಎರಡೂ ಬೆರೆತಿವೆಯೇ ಎಂದು ನೋಡಿಕೊಳ್ಳಲು ಒಂದು ಪರೀಕ್ಷೆ ಇದೆ. ವಂದನೆಯ ಒಂದೊಂದು ವಾಕ್ಯವನ್ನೂ ಎತ್ತಿಕೊಂಡು, ಇದನ್ನು ಉಪನ್ಯಾಸಕ್ಕೆ ಮೊದಲೇ ಹೇಳಬಹುದಿತ್ತೇ ಎಂದು ಕೇಳಿಕೊಳ್ಳಬೇಕು. ಹೇಳಬಹುದಿತ್ತು ಎಂದಾದರೆ, ಬಸ್ಸಿನಂಥ ಉಪಕಾರದ ಮಾತನ್ನು ಬಿಟ್ಟು, ಅದು ಪರಿಚಯದ್ದು, ಇಲ್ಲವೇ ಯಾರದೂ ಅಲ್ಲದ್ದು. ‘ತಮ್ಮ ಅಪಾರ ಪಾಂಡಿತ್ಯದಿಂದ ನಮ್ಮನ್ನು ಅನುಗ್ರಹಿಸಿದ’ ಎಂಬ ಮಾತು ಈ ಪರೀಕ್ಷೆಯಲ್ಲಿ ಉದುರಿಹೋಗುತ್ತದೆ. ಅದು ಭೂತಕಾಲದಲ್ಲಿದೆ, ಆದರೆ ಹಿಂದಿನ ರಾತ್ರಿಯೇ ಬರೆದದ್ದು. ‘ಓದಿ ಹೇಳು ಎಂದಿರಿ’ ಎಂಬುದನ್ನು ಹಿಂದಿನ ರಾತ್ರಿ ಬರೆಯಲು ಯಾರಿಗೂ ಆಗುತ್ತಿರಲಿಲ್ಲ. ದಾನಿಗಳ ಕುಟುಂಬ, ಸಭಾಂಗಣ ಕೊಟ್ಟವರು ಮೊದಲೇ ಗೊತ್ತಿರುವವರು ನಿಜ. ಅಲ್ಲೂ ‘ಕೊನೆಯವರೆಗೂ ಕೂತು ಕೇಳಿದ’ ಎಂಬಂಥ ಒಂದು ಕಂಡ ಸಂಗತಿ ಸೇರಿದರೆ ಮಾತು ಇಂದಿನದಾಗುತ್ತದೆ.

ವಂದನೆಯಲ್ಲಿ ಉಪನ್ಯಾಸಕ್ಕೆ ಉತ್ತರ ಕೊಡುವ ಆಸೆಯೂ ಕೆಲವರಿಗಿದೆ. ಪರಿಚಯಿಸಿದವರೇ ವಂದಿಸುವಾಗ ಇದು ಹೆಚ್ಚು, ಏಕೆಂದರೆ ಅವರು ವಿಷಯ ಬಲ್ಲವರು, ಸಭೆಯ ಆದಿ ಅಂತ್ಯ ಎರಡೂ ತಮ್ಮವೇ ಎಂಬ ಸಲಿಗೆ ಬಂದಿರುತ್ತದೆ. ‘ಮೇಡಂ ಒಂದು ಅಂಶ ಬಿಟ್ಟರು, ಅದನ್ನು ನಾನು ಸೇರಿಸುತ್ತೇನೆ’ ಎಂದು ಶುರುವಾದರೆ ಅಲ್ಲಿಗೆ ಎರಡನೆಯ ಉಪನ್ಯಾಸ. ವೇದಿಕೆಯಲ್ಲಿ ಕೂತ ಅತಿಥಿಗೆ ಅದಕ್ಕೆ ಮರುಮಾತಾಡಲು ಅವಕಾಶವಿಲ್ಲ. ಭಿನ್ನಾಭಿಪ್ರಾಯ ಇದ್ದರೆ ಅದರ ಜಾಗ ಪ್ರಶ್ನೋತ್ತರ. ಎಲ್ಲರಂತೆ ಕೈ ಎತ್ತಿ ಕೇಳಬೇಕು. ಉಪನ್ಯಾಸ ಚೆನ್ನಾಗಿರಲಿಲ್ಲ, ಗೊತ್ತುಮಾಡಿದ ಹೊತ್ತು ಮೀರಿ ಎಳೆಯಿತು ಎಂದರೂ ಕ್ರಮ ಬದಲಾಗದು. ಒಂದು ಗಂಟೆಯ ಮಾತಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಒಂದು ಸಂಗತಿ ಇದ್ದೇ ಇರುತ್ತದೆ. ಅದನ್ನು ಹೇಳಿ, ಉಳಿದುದಕ್ಕೆ ಹೊಗಳಿಕೆ ಸೇರಿಸದೆ ಇಳಿದು ಬರಬಹುದು. ಸುಳ್ಳು ಹೊಗಳಿಕೆಯನ್ನು ಸಭೆ ಗುರುತಿಸುತ್ತದೆ, ಅತಿಥಿಯೂ ಗುರುತಿಸುತ್ತಾರೆ.

ಸನ್ಮಾನ ಇರುವ ಸಭೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸನ್ಮಾನ ಪತ್ರವನ್ನೂ ಅದೇ ವ್ಯಕ್ತಿ ಓದಬೇಕಾಗಿ ಬಂದರೆ ಒಂದೇ ಜೀವನ ಚರಿತ್ರೆ ಮೂರು ಸಲ ಕೇಳುತ್ತದೆ. ಅಂಥ ದಿನ ಪರಿಚಯವನ್ನು ನಾಲ್ಕೈದು ವಾಕ್ಯಕ್ಕೆ ಇಳಿಸಬೇಕು: ಇಂದಿನ ವಿಷಯಕ್ಕೂ ಅವರಿಗೂ ಇರುವ ನಂಟು ಮಾತ್ರ. ಪ್ರಶಸ್ತಿ, ಪದವಿ, ಕೃತಿಗಳ ಪಟ್ಟಿ ಸನ್ಮಾನ ಪತ್ರದಲ್ಲಿ ಇರಲಿ. ಅದು ಇರುವುದೇ ಅದಕ್ಕೆ.

ಎಷ್ಟು ಸಿದ್ಧತೆ ಮಾಡಿಕೊಂಡರೂ ಉಪನ್ಯಾಸದ ಹೊತ್ತಿನಲ್ಲಿ ಹೊರಗೆ ಹೋಗಲೇಬೇಕಾದ ದಿನ ಬರುತ್ತದೆ. ಜನರೇಟರು ನಿಲ್ಲುತ್ತದೆ, ಮುಂದಿನ ಸಾಲಿನ ಹಿರಿಯರೊಬ್ಬರಿಗೆ ತಲೆ ಸುತ್ತುತ್ತದೆ, ಅವರನ್ನು ಆಟೋ ಹತ್ತಿಸಬೇಕಾಗುತ್ತದೆ. ಹೊರಗೆ ಹೋಗುವ ಮುನ್ನ ವಂದನೆಯ ಹಾಳೆಯನ್ನೂ ಪೆನ್ನನ್ನೂ ಪಕ್ಕದಲ್ಲಿ ಗಮನವಿಟ್ಟು ಕೇಳುತ್ತಿರುವ ಒಬ್ಬ ವಿದ್ಯಾರ್ಥಿಗೆ ಕೊಟ್ಟು, ‘ನಿನಗೆ ಹಿಡಿಸಿದ ಎರಡು ಮಾತನ್ನು ಅವರು ಹೇಳಿದ ಹಾಗೇ ಬರಿ’ ಎಂದರೆ ಆಯಿತು. ಅದೂ ಆಗದಿದ್ದರೆ, ಅಧ್ಯಕ್ಷೀಯ ನುಡಿ ನಡೆಯುವಾಗ ಎರಡನೆಯ ಸಾಲಿಗೆ ವಾಪಸು ಬಂದು, ಪಕ್ಕದವರನ್ನು ಮೆಲ್ಲಗೆ ಕೇಳಬಹುದು: ಏನು ಹೇಳಿದರು, ನಿಮಗೆ ಯಾವುದು ಉಳಿಯಿತು? ಹಾಗೆ ಪಡೆದ ಮಾತನ್ನು ತಾವೇ ಕೇಳಿದಂತೆ ಆಡಬಾರದು. ‘ನಾನು ಸ್ವಲ್ಪ ಹೊತ್ತು ಹೊರಗಿದ್ದೆ, ಆಗ ತಾವು ಆಡಿದ ಮಾತೊಂದನ್ನು ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿ ಬರೆದುಕೊಂಡಿದ್ದಾನೆ’ ಎಂದು ಅವನ ಹೆಸರು ಹೇಳಿ, ಅವನು ಬರೆದದ್ದನ್ನು ಓದಬೇಕು. ಅವನು ಒಪ್ಪಿದರೆ, ಅವನನ್ನೇ ಮೈಕಿಗೆ ಕರೆದು ಓದಿಸಬೇಕು.